ನಲ್ಲಿ ನೀರಿನ ಒಂದು ಪ್ರಶ್ನೆಯನ್ನು ತಿದ್ದುವ ಬಗೆ

"ಗ್ರಾಮ ಪಂಚಾಯಿತಿ ಒದಗಿಸುತ್ತಿರುವ ಶುದ್ಧ ಹಾಗೂ ಸಾಕಷ್ಟು ಕುಡಿಯುವ ನೀರಿನ ಬಗ್ಗೆ ನಿಮಗೆ ತೃಪ್ತಿ ಇದೆಯಲ್ಲವೇ?" ಸಮೀಕ್ಷೆಯ ನಮೂನೆಗಳಲ್ಲಿ ಇಂಥ ಪ್ರಶ್ನೆಗಳು ಅಪರೂಪವಲ್ಲ. ಕೆಳಗೆ ಹೌದು, ಇಲ್ಲ ಎಂಬ ಎರಡು ಚೌಕಗಳಿರುತ್ತವೆ. ಪ್ರಶ್ನೆಯಲ್ಲಿ ವ್ಯಾಕರಣದ ತಪ್ಪಿಲ್ಲ, ಯಾರನ್ನೂ ನೋಯಿಸುವ ಮಾತಿಲ್ಲ, ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೂ ಇದಕ್ಕೆ ಬಂದ ಉತ್ತರಗಳನ್ನು ಕೂಡಿಸಿ ಶೇಕಡಾವಾರು ತೆಗೆದರೆ, ಆ ಅಂಕಿಯಿಂದ ಏನು ತಿಳಿಯಿತೆಂದು ಯಾರೂ ಹೇಳಲಾರರು. ಏಕೆಂದರೆ ಇದರಲ್ಲಿ ಎರಡು ದೋಷಗಳು ಒಟ್ಟಿಗೇ ಸೇರಿಕೊಂಡಿವೆ. ನೀರು ಶುದ್ಧವೇ ಎಂಬುದು ಒಂದು ವಿಷಯ, ಸಾಲುತ್ತದೆಯೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಚೌಕಕ್ಕೆ ತುಂಬಲಾಗಿದೆ. ಅದಲ್ಲದೆ, ಕೇಳುವವರಿಗೆ ಯಾವ ಉತ್ತರ ಬೇಕು ಎಂಬುದನ್ನು ವಾಕ್ಯದ ಕೊನೆಯ "ಅಲ್ಲವೇ" ಮೊದಲೇ ಹೇಳಿಬಿಟ್ಟಿದೆ. ಮೊದಲನೆಯ ಬಗೆಯನ್ನು ಜೋಡಿ ಪ್ರಶ್ನೆ ಎನ್ನಬಹುದು. ಎರಡನೆಯದಕ್ಕೆ ನ್ಯಾಯಾಲಯದ ಕನ್ನಡದಲ್ಲಿ ಸೂಚಕ ಪ್ರಶ್ನೆ ಎಂಬ ಹೆಸರಿದೆ.

ಜೋಡಿ ಪ್ರಶ್ನೆ ಮಾಡುವ ಹಾನಿಯನ್ನು ಒಂದು ಲೆಕ್ಕ ಹಿಡಿದು ನೋಡುವುದು ಸುಲಭ. ನೂರು ಮನೆಗಳ ಒಂದು ಊರು ಎಂದಿಟ್ಟುಕೊಳ್ಳೋಣ. 40 ಮನೆಗಳಿಗೆ ನೀರು ಸಾಲುತ್ತದೆ, ಶುದ್ಧವಾಗಿಯೂ ಇದೆ. 25 ಮನೆಗಳಿಗೆ ಸಾಲುತ್ತದೆ, ಆದರೆ ಕೆಂಪಗೆ ಬರುತ್ತದೆ. 20 ಮನೆಗಳಿಗೆ ತಿಳಿಯಾದ ನೀರೇ ಬರುತ್ತದೆ, ಸಾಲುವುದಿಲ್ಲ. ಉಳಿದ 15 ಮನೆಗಳಿಗೆ ಎರಡೂ ಇಲ್ಲ. ಈ ಊರಿನಲ್ಲಿ "ಶುದ್ಧವಾದ, ಸಾಕಷ್ಟು ನೀರು ಬರುತ್ತಿದೆಯೇ?" ಎಂದು ಕೇಳಿದರೆ ಎಷ್ಟು ಮನೆಯವರು ಹೌದು ಎನ್ನುತ್ತಾರೆ? ಎರಡೂ ಇದ್ದರೆ ಮಾತ್ರ ಹೌದು ಎಂದು ಎಲ್ಲರೂ ಕಟ್ಟುನಿಟ್ಟಾಗಿ ತಿಳಿದುಕೊಂಡರೆ 40. ಒಂದಾದರೂ ಇದೆಯಲ್ಲ ಎಂದುಕೊಂಡು ಉತ್ತರಿಸಿದರೆ 85. ನಿಜವಾಗಿ ಬರುವ ಅಂಕಿ ಇವೆರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೀರು ನಿರ್ಧರಿಸುವುದಿಲ್ಲ. ಆ ನಡುವಿನ 45 ಮನೆಯವರ ಕಿವಿಗೆ ಎರಡು ಪದಗಳಲ್ಲಿ ಯಾವುದು ಜೋರಾಗಿ ಬಿತ್ತು ಎಂಬುದು ನಿರ್ಧರಿಸುತ್ತದೆ.

"ಇಲ್ಲ" ಎಂಬ ಉತ್ತರವಂತೂ ಇನ್ನೂ ತೊಡಕಿನದು. ಅದರಲ್ಲಿ ಸಾಲದು, ಶುದ್ಧವಿಲ್ಲ, ಎರಡೂ ಇಲ್ಲ ಎಂಬ ಮೂರು ಬೇರೆ ಬೇರೆ ದೂರುಗಳು ಬೆರೆತಿರುತ್ತವೆ. ಈ ಮೂರಕ್ಕೂ ಮದ್ದು ಬೇರೆ. ಸಾಲದಿದ್ದರೆ ಮೋಟರನ್ನು ಹೆಚ್ಚು ಹೊತ್ತು ಓಡಿಸಬೇಕು, ಇಲ್ಲವೇ ಹೊಸ ಬೋರ್‌ವೆಲ್ ಬೇಕು. ಕೆಂಪಗಿದ್ದರೆ ಓವರ್‌ಹೆಡ್ ಟ್ಯಾಂಕ್ ತೊಳೆಸಬೇಕು, ತುಕ್ಕು ಹಿಡಿದ ಪೈಪು ಬದಲಿಸಬೇಕು. ಶೇಕಡಾ 60 ಮಂದಿ ಇಲ್ಲ ಎಂದಿದ್ದಾರೆ ಎಂಬ ವರದಿಯನ್ನು ಕೈಯಲ್ಲಿ ಹಿಡಿದ ಎಂಜಿನಿಯರಿಗೆ ಎಲ್ಲಿಂದ ಕೆಲಸ ಶುರುಮಾಡಬೇಕೆಂಬುದೇ ತಿಳಿಯದು. ಅದೇ ಊರಿನಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದ್ದರೆ 65 ಮನೆಗಳಿಗೆ ನೀರು ಸಾಲುತ್ತದೆ, 60 ಮನೆಗಳಿಗೆ ಶುದ್ಧವಾಗಿದೆ ಎಂಬುದು ನೇರವಾಗಿ ಸಿಗುತ್ತಿತ್ತು. ಎರಡೂ ಇರುವ ಮನೆಗಳು ಎಷ್ಟು ಎಂಬುದೂ ಬೇಕಿದ್ದರೆ, ಎರಡು ಉತ್ತರಗಳನ್ನು ಮನೆಮನೆಗೆ ತಾಳೆ ನೋಡಿ 40 ಎಂದು ಆಮೇಲೆ ಎಣಿಸಿಕೊಳ್ಳಬಹುದಿತ್ತು. ಬಿಡಿ ಉತ್ತರಗಳನ್ನು ಯಾವಾಗ ಬೇಕಾದರೂ ಜೋಡಿಸಬಹುದು. ಜೋಡಿಯಾಗಿ ಬಂದ ಉತ್ತರವನ್ನು ಬಿಡಿಸುವ ದಾರಿ ಇಲ್ಲ.

ಜೋಡಿ ಪ್ರಶ್ನೆಯನ್ನು ಗುರುತಿಸಲು ಮೊದಲು ಹುಡುಕಬೇಕಾದದ್ದು "ಮತ್ತು", "ಹಾಗೂ", "ಅಥವಾ" ಎಂಬ ಪದಗಳನ್ನು. ಕನ್ನಡದಲ್ಲಿ ಇವಿಲ್ಲದೆಯೂ ಎರಡು ವಿಷಯಗಳನ್ನು ಕಟ್ಟುವ ದಾರಿಗಳಿವೆ. "ಬಿಸಿಯೂಟ ರುಚಿಯಾಗಿಯೂ ಪೌಷ್ಟಿಕವಾಗಿಯೂ ಇದೆಯೇ?" ಎಂಬಲ್ಲಿ ಎರಡು ಊಕಾರಗಳೇ ಆ ಕೆಲಸ ಮಾಡಿವೆ. ಈ ಪ್ರಶ್ನೆಗೆ ಉತ್ತರ ಕೊಡುವ ಐದನೇ ತರಗತಿಯ ಹುಡುಗಿಗೆ ರುಚಿ ಗೊತ್ತು. ಪೌಷ್ಟಿಕತೆ ಅವಳು ನಾಲಿಗೆಯಿಂದ ಹೇಳುವ ಸಂಗತಿಯಲ್ಲ, ಅದು ಬೇಳೆ, ಎಣ್ಣೆ, ತರಕಾರಿಯ ತೂಕದಿಂದ ತಿಳಿಯಬೇಕಾದದ್ದು. ಕಾರಣವನ್ನು ಒಳಗೇ ಸೇರಿಸಿಕೊಂಡ ಪ್ರಶ್ನೆಯೂ ಜೋಡಿಯೇ. "ನಲ್ಲಿ ನೀರು ಸಾಲದ್ದರಿಂದ ಟ್ಯಾಂಕರ್ ತರಿಸುತ್ತೀರಾ?" ಎಂದು ಕೇಳಿದರೆ, ಮದುವೆ ಮನೆಗೆಂದು ಟ್ಯಾಂಕರ್ ತರಿಸಿದವರು ಏನು ಹೇಳಬೇಕು? ತರಿಸಿದ್ದು ನಿಜ, ಕಾರಣ ಮಾತ್ರ ಸುಳ್ಳು. ಹಾಗೆಂದು ಎರಡು ಪದ ಒಟ್ಟಿಗೆ ಕಂಡಲ್ಲೆಲ್ಲ ಕತ್ತರಿ ಹಾಕಬೇಕಿಲ್ಲ. ಮನೆಮಠ, ಕೆಲಸಕಾರ್ಯ ಎಂಬ ಜೋಡುನುಡಿಗಳಲ್ಲಿ ಪದ ಎರಡಿದ್ದರೂ ಅರ್ಥ ಒಂದೇ. ಪರೀಕ್ಷೆ ಹೀಗೆ: ಮೊದಲ ಅರ್ಧಕ್ಕೆ ಹೌದು, ಎರಡನೆಯ ಅರ್ಧಕ್ಕೆ ಇಲ್ಲ ಎನ್ನುವ ಒಬ್ಬ ಮನುಷ್ಯ ಆ ಊರಿನಲ್ಲಿ ಇರುವುದು ಸಾಧ್ಯವೇ? ಸಾಧ್ಯವಿದ್ದರೆ ಪ್ರಶ್ನೆಯನ್ನು ಒಡೆಯಬೇಕು.

ಇನ್ನೊಂದು ಬಗೆ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲಿ ವಿಷಯ ಒಂದೇ, ಜನ ಹಲವರು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೌಚಾಲಯದ ಬಗ್ಗೆ ಇದ್ದ ಪ್ರಶ್ನೆ, ಮನೆಯ ಸದಸ್ಯರು ಸಾಮಾನ್ಯವಾಗಿ ಯಾವ ಬಗೆಯ ಶೌಚಾಲಯ ಬಳಸುತ್ತಾರೆ ಎಂಬುದಾಗಿತ್ತು. ಆದರೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಸೊಸೆ ಮನೆಯ ಶೌಚಾಲಯಕ್ಕೆ ಹೋಗುತ್ತಾಳೆ, ಮಾವ ಬೆಳಿಗ್ಗೆ ಹೊಲದ ಕಡೆ ಹೋಗುತ್ತಾರೆ. ಇಬ್ಬರ ಬದಲು ಒಂದೇ ಉತ್ತರ ಬರೆಯಬೇಕಾದಾಗ, ಮನೆಯಲ್ಲಿ ಕಟ್ಟಿಸಿರುವ ಶೌಚಾಲಯವೇ ಉತ್ತರವಾಗುತ್ತದೆ. 2018ರಲ್ಲಿ ಸಂಶೋಧಕರು ಇದನ್ನು ಗ್ರಾಮೀಣ ಭಾರತದಲ್ಲಿ ನೇರವಾಗಿ ಪರೀಕ್ಷಿಸಿದರು. ಮನೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಸುಮಾರು 1,200 ಮನೆಗಳಲ್ಲಿ ಇದೇ ಹಳೆಯ ಪ್ರಶ್ನೆಯನ್ನೂ, ಇನ್ನು ಅಷ್ಟೇ ಮನೆಗಳಲ್ಲಿ ಪ್ರತಿಯೊಬ್ಬ ಸದಸ್ಯರ ಬಗ್ಗೆ ಬೇರೆ ಬೇರೆಯಾಗಿಯೂ ಕೇಳಿದರು. ಒಬ್ಬೊಬ್ಬರ ಬಗ್ಗೆ ಕೇಳಿದಾಗ ಬಯಲು ಶೌಚದ ಪ್ರಮಾಣ ಸುಮಾರು 20 ಶೇಕಡಾ ಅಂಶಗಳಷ್ಟು ಹೆಚ್ಚು ಕಂಡಿತು. ಶೌಚಾಲಯ ಕಟ್ಟಲು ನೆರವು ಪಡೆದ ಮನೆಗಳನ್ನಷ್ಟೇ ತೆಗೆದುಕೊಂಡರೆ ವ್ಯತ್ಯಾಸ 28ರ ಆಸುಪಾಸಿಗೆ ಏರಿತು. ಎರಡು ಗುಂಪಿನ ಮನೆಗಳೂ ಒಂದೇ ಬಗೆಯವು. "ನಿಮ್ಮ ಮನೆಯವರು" ಎಂಬ ಒಂದೇ ಮಾತಿನ ಹಿಂದೆ ಅಷ್ಟು ಜನ ಮರೆಯಾಗಿದ್ದರು.

ಸೂಚಕ ಪ್ರಶ್ನೆಯ ಮಾತಿಗೆ ಬಂದರೆ, 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 141ನೇ ಕಲಮು ಅದನ್ನು ಸ್ಪಷ್ಟವಾಗಿ ವಿವರಿಸಿತ್ತು: ಕೇಳುವವರು ಬಯಸುವ ಅಥವಾ ನಿರೀಕ್ಷಿಸುವ ಉತ್ತರವನ್ನು ಸೂಚಿಸುವ ಪ್ರಶ್ನೆಯೇ ಸೂಚಕ ಪ್ರಶ್ನೆ. ತಮ್ಮ ಕಡೆಯ ಸಾಕ್ಷಿಗೆ ಅಂಥ ಪ್ರಶ್ನೆ ಹಾಕಲು ವಕೀಲರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ, ಪಾಟೀಸವಾಲಿನಲ್ಲಿ ಅವಕಾಶವಿದೆ. ಈ ಭೇದಕ್ಕೆ ಕಾರಣ ಸಮೀಕ್ಷೆಗೂ ಅನ್ವಯಿಸುತ್ತದೆ. ಎದುರು ಪಕ್ಷದ ಸಾಕ್ಷಿ ಹೇಳಿಕೊಟ್ಟದ್ದನ್ನು ಸುಮ್ಮನೆ ಒಪ್ಪುವವನಲ್ಲ, ಆದರೆ ತನ್ನ ಕಡೆಯವನು ಒಪ್ಪಿಬಿಡುತ್ತಾನೆ. ಮನೆ ಬಾಗಿಲಿಗೆ ಬಂದ ಸಮೀಕ್ಷಕನ ಮುಂದೆ ನಿಂತವರ ಸ್ಥಿತಿ ಈ ಎರಡನೆಯವನದು. ಬಂದವರು ಓದಿದವರು, ಕೈಯಲ್ಲಿ ಟ್ಯಾಬ್ ಇದೆ, ಸರಕಾರದ ಕಡೆಯವರಂತೆ ಕಾಣುತ್ತಾರೆ. ಅವರ ಮಾತಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಕನ್ನಡದಲ್ಲಿ ಸೂಚನೆ ಹೆಚ್ಚಾಗಿ ವಾಕ್ಯದ ಬಾಲದಲ್ಲಿರುತ್ತದೆ. "ಇದೆಯೇ" ಎಂದರೆ ಪ್ರಶ್ನೆ. "ಇದೆಯಲ್ಲವೇ", "ಇದೆ ತಾನೇ" ಎಂದರೆ ಒಪ್ಪಿಗೆ ಕೇಳಿದಂತೆ. "ನಿಮಗೇನೂ ತೊಂದರೆ ಇಲ್ಲವಲ್ಲ?" ಎಂಬುದಕ್ಕೆ "ಹೂಂ" ಎಂದು ಬಂದ ಉತ್ತರವನ್ನು ಏನೆಂದು ಬರೆದುಕೊಳ್ಳಬೇಕು? ಹೂಂ, ತೊಂದರೆ ಇಲ್ಲ ಎಂದೇ, ಹೂಂ, ಇದೆ ಎಂದೇ? ಪ್ರಶ್ನೆಯಲ್ಲಿ ನಿಷೇಧ ಬಂದೊಡನೆ ಹೌದು ಇಲ್ಲಗಳ ಅರ್ಥ ಅಲುಗಾಡುತ್ತದೆ. ಬಾಲವನ್ನು ಕತ್ತರಿಸುವುದು ಸುಲಭ. ವಾಕ್ಯದ ನಡುವೆ ಕುಳಿತ ಸೂಚನೆಯನ್ನು ಕಾಣುವುದು ಕಷ್ಟ, ಏಕೆಂದರೆ ಅದು ವಿಶೇಷಣದ ವೇಷದಲ್ಲಿರುತ್ತದೆ. "ಪಂಚಾಯಿತಿ ಒದಗಿಸುತ್ತಿರುವ ಶುದ್ಧ ನೀರು" ಎಂದಾಗ ನೀರು ಶುದ್ಧವೆಂಬುದು ಆಗಲೇ ತೀರ್ಮಾನವಾಗಿಹೋಗಿದೆ. ಕೇಳಿಸಿಕೊಂಡವರ ಪಾಲಿಗೆ ಉಳಿದಿರುವುದು ಅದರ ಬಗ್ಗೆ ತೃಪ್ತಿ ಇದೆಯೇ ಎಂಬುದಷ್ಟೆ. ಎದುರು ದಿಕ್ಕಿಗೂ ಹೀಗೆಯೇ ತಳ್ಳಬಹುದು. "ಹದಗೆಟ್ಟಿರುವ ನೀರು ಸರಬರಾಜನ್ನು ಸರಿಪಡಿಸಬೇಕೇ?" ಎಂದರೆ ಬೇಡ ಎನ್ನುವವರು ಯಾರು? ಉದ್ದೇಶವನ್ನು ಮುಂದೆ ಕಟ್ಟುವುದು ಮೂರನೆಯ ದಾರಿ. "ಮಕ್ಕಳ ಆರೋಗ್ಯದ ದೃಷ್ಟಿಯಿಂದ ನೀರಿನ ಕರ ಏರಿಸುವುದು ಸರಿಯೇ?" ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಕರದ ಬಗ್ಗೆ ಯೋಚಿಸುತ್ತಾರೋ, ಮಕ್ಕಳ ಬಗ್ಗೆ ಯೋಚಿಸುತ್ತಾರೋ ತಿಳಿಯದು.

ಪದಗಳ ಈ ತಳ್ಳಾಟ ಎಷ್ಟು ಬಲವಾದದ್ದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಮೀಕ್ಷೆಯ ಪಾಠಗಳಲ್ಲಿ ಹಲವು ಸಲ ಬರುತ್ತದೆ. 1992ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷೇತರನಾಗಿ ನಿಂತಿದ್ದ ಉದ್ಯಮಿ ರಾಸ್ ಪೆರೊ, 1993ರ ಮಾರ್ಚ್‌ನಲ್ಲಿ ಒಂದು ಟಿವಿ ವಾರಪತ್ರಿಕೆಯಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿದರು. ಅದರ ಒಂದು ಪ್ರಶ್ನೆಯ ಸಾರ ಇದು: ಸ್ವಹಿತದ ಗುಂಪುಗಳು ಅಭ್ಯರ್ಥಿಗಳಿಗೆ ಭಾರೀ ಮೊತ್ತದ ಹಣ ಕೊಡುವ ಎಲ್ಲ ಸಾಧ್ಯತೆಗಳನ್ನೂ ತೊಡೆದುಹಾಕಲು ಕಾನೂನು ಬೇಕೇ? ಅಂಚೆಯಲ್ಲಿ ಬಂದ ಉತ್ತರಗಳಲ್ಲಿ ಶೇಕಡಾ 99 ಹೌದು ಎಂದಿದ್ದವು. ಪತ್ರಿಕೆ ಕೊಂಡು, ಕತ್ತರಿಸಿ, ಅಂಚೆಗೆ ಹಾಕುವವರು ಮೊದಲೇ ಪೆರೊ ಪರ ಇದ್ದವರಾದ್ದರಿಂದ ಆ ಅಂಕಿಯನ್ನು ಬದಿಗಿಡಬಹುದು. ಆಮೇಲೆ ವೃತ್ತಿಪರ ಸಮೀಕ್ಷಕರು ದೇಶದ ಮಾದರಿ ಜನರನ್ನು ಆರಿಸಿ ಇದೇ ಮಾತುಗಳಲ್ಲಿ ಕೇಳಿದಾಗಲೂ ಶೇಕಡಾ 80 ಮಂದಿ ಹೌದು ಎಂದರು. ಪ್ರಶ್ನೆಯನ್ನು ತಿದ್ದಿ, ಗುಂಪುಗಳು ಪ್ರಚಾರಕ್ಕೆ ಹಣ ಕೊಡುವುದನ್ನು ಕಾನೂನು ನಿಷೇಧಿಸಬೇಕೋ, ತಾವು ಬೆಂಬಲಿಸುವ ಅಭ್ಯರ್ಥಿಗೆ ಹಣ ಕೊಡುವ ಹಕ್ಕು ಅವಕ್ಕಿದೆಯೋ ಎಂದು ಕೇಳಿದಾಗ ನಿಷೇಧದ ಕಡೆ ನಿಂತವರು ಶೇಕಡಾ 40 ಮಾತ್ರ. ಅರ್ಧಕ್ಕೆ ಅರ್ಧ ಇಳಿಕೆ. ಆದರೆ ಎರಡನೆಯ ಪ್ರಶ್ನೆಯೇ ಸತ್ಯ, ಮೊದಲನೆಯದು ಸುಳ್ಳು ಎಂದು ಹೇಳಿ ಮುಗಿಸುವಂತಿಲ್ಲ. "ಭಾರೀ ಮೊತ್ತ" ಎಂಬ ಪದ ಒಂದು ಕಡೆ ಎಳೆದರೆ, "ಹಕ್ಕು" ಎಂಬ ಪದ ಇನ್ನೊಂದು ಕಡೆ ಎಳೆಯುತ್ತದೆ. ತಿದ್ದುವವರು ಒಂದು ಭಾರವನ್ನು ತೆಗೆಯುವ ಭರದಲ್ಲಿ ಇನ್ನೊಂದನ್ನು ಹೇರುವುದು ಈ ಕೆಲಸದ ಅತಿ ಸಾಮಾನ್ಯ ಜಾರು.

ಸ್ಕಾಟ್ಲೆಂಡಿನ ಜನಮತಗಣನೆಯ ಪ್ರಶ್ನೆಯನ್ನು ತಿದ್ದಿದ ಬಗೆ ಇದಕ್ಕಿಂತ ನವಿರಾದದ್ದು. ಅಲ್ಲಿನ ಸರಕಾರ ಮೊದಲು ಸೂಚಿಸಿದ್ದು "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ?" ಎಂಬ ಅರ್ಥದ ಪ್ರಶ್ನೆಯನ್ನು. ಬ್ರಿಟನ್ನಿನ ಚುನಾವಣಾ ಆಯೋಗ ಅದನ್ನು ಜನರ ಮುಂದಿಟ್ಟು ಪರೀಕ್ಷಿಸಿ, "ಒಪ್ಪುತ್ತೀರಾ" ಎಂಬ ಮಾತು ಹೌದು ಎಂಬ ಕಡೆಗೆ ವಾಲಿಸುತ್ತದೆ ಎಂದು 2013ರ ಜನವರಿಯಲ್ಲಿ ಹೇಳಿತು. 2014ರ ಸೆಪ್ಟೆಂಬರ್ 18ರ ಮತಪತ್ರದಲ್ಲಿ ಉಳಿದದ್ದು "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?" ಎಂಬಷ್ಟೇ. ಇದೇ ಆಯೋಗ 2015ರಲ್ಲಿ ಐರೋಪ್ಯ ಒಕ್ಕೂಟದ ಪ್ರಶ್ನೆಗೆ ಬಂದಾಗ ಒಂದು ಹೆಜ್ಜೆ ಮುಂದೆ ಹೋಯಿತು. ಒಕ್ಕೂಟದಲ್ಲಿ ಉಳಿಯಬೇಕೇ ಎಂದು ಮಾತ್ರ ಕೇಳಿದರೆ ಸಾಲದು, ಉಳಿಯಬೇಕೋ ಹೊರಬರಬೇಕೋ ಎಂದು ಎರಡನ್ನೂ ಹೇಳಿ ಕೇಳಬೇಕೆಂದಿತು.

ಎರಡೂ ಬದಿಯನ್ನು ಸಮನಾಗಿ ಇಡುವ ಈ ರಚನೆ ಇಂಗ್ಲಿಷಿನಲ್ಲಿ ಉದ್ದವಾಗುತ್ತದೆ, ಕನ್ನಡದಲ್ಲಿ ನಾಲಿಗೆಯ ತುದಿಯಲ್ಲೇ ಇದೆ. ಬೇಕೋ ಬೇಡವೋ, ಉಂಟೋ ಇಲ್ಲವೋ, ಸಾಕೋ ಸಾಲದೋ: ಅಂಗಡಿಯಲ್ಲಿ, ಪಂಕ್ತಿಯಲ್ಲಿ, ಹೊಲದಲ್ಲಿ ಜನ ದಿನವೂ ಹೀಗೆಯೇ ಕೇಳುತ್ತಾರೆ. ಸಮೀಕ್ಷೆಯ ನಮೂನೆ ಕಚೇರಿಯ ಕನ್ನಡಕ್ಕೆ ಬಂದಾಗ ಇದು ಮಾಯವಾಗಿ "ತೃಪ್ತಿ ಹೊಂದಿರುವಿರಾ" ಎಂಬುದು ಬಂದು ಕೂರುತ್ತದೆ. ಸೂಚಕ ಪ್ರಶ್ನೆಗೆ ಅತ್ಯಂತ ಅಗ್ಗದ ಮದ್ದು ಈ ಓಕಾರವೇ. "ನೀರು ಸಾಕಾಗುತ್ತದೆಯೇ?" ಎಂಬುದಕ್ಕೆ ಸುಮ್ಮನೆ ತಲೆಯಾಡಿಸಿ ಹೌದು ಎನ್ನಬಹುದು. "ಸಾಕಾಗುತ್ತದೆಯೋ, ಸಾಲುವುದಿಲ್ಲವೋ?" ಎಂಬುದಕ್ಕೆ ತಲೆಯಾಡಿಸಿದರೆ ಉತ್ತರವಾಗುವುದಿಲ್ಲ, ಎರಡರಲ್ಲಿ ಒಂದು ಪದವನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳಲು ನಾಚಿಕೆಯಾಗುವ ವಿಷಯಗಳಲ್ಲಿ ಇದಕ್ಕೆ ಒಂದು ಮುನ್ನುಡಿ ಸೇರಿಸುವುದುಂಟು. ಶೌಚಾಲಯದ ಸಮೀಕ್ಷೆಗಳಲ್ಲಿ ಸಂಶೋಧಕರು, ತಾವು ಹೋದ ಊರುಗಳಲ್ಲಿ ಕೆಲವರು ಬಯಲಿಗೆ ಹೋಗುವುದನ್ನೂ ಕೆಲವರು ಶೌಚಾಲಯ ಬಳಸುವುದನ್ನೂ ಕಂಡಿರುವುದಾಗಿ ಮೊದಲು ಹೇಳಿ, ಆಮೇಲೆ ಪ್ರಶ್ನೆ ಕೇಳಿದರು. ಇದರಿಂದ ಎರಡೂ ಉತ್ತರಗಳು ಸಮಾನವಾಗಿ ಮರ್ಯಾದೆಯವಾಗುತ್ತವೆ.

ಈಗ ಮೊದಲಿನ ನೀರಿನ ಪ್ರಶ್ನೆಗೆ ಮರಳಿ ಅದನ್ನು ತಿದ್ದಬಹುದು. ಪದಗಳಿಗೆ ಕೈಹಾಕುವ ಮೊದಲು, ಉತ್ತರ ಬಂದ ಮೇಲೆ ಅದರಿಂದ ಏನು ಮಾಡುವುದಿದೆ ಎಂದು ಕೇಳಿಕೊಳ್ಳಬೇಕು. ಹಳ್ಳಿಯ ನಲ್ಲಿ ನೀರಿನ ವಿಷಯದಲ್ಲಿ ಇದಕ್ಕೆ ಆಧಾರ ಸಿದ್ಧವಾಗಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ಕರ್ನಾಟಕದಲ್ಲಿ ಮನೆಮನೆಗೆ ಗಂಗೆ ಎಂಬ ಹೆಸರಿನಲ್ಲಿ ನಡೆದದ್ದು, ಒಬ್ಬರಿಗೆ ದಿನಕ್ಕೆ ಕನಿಷ್ಠ 55 ಲೀಟರ್ ನೀರು, ನಿಗದಿತ ಗುಣಮಟ್ಟದಲ್ಲಿ, ನಿಯಮಿತವಾಗಿ ಸಿಗಬೇಕು ಎಂಬ ಗುರಿ ಇಟ್ಟುಕೊಂಡಿದೆ. ಅಂದರೆ ಪ್ರಮಾಣ, ಗುಣ, ನಿಯಮಿತತೆ ಎಂಬ ಮೂರು ಅಳತೆಗಳು. ಹಳೆಯ ಪ್ರಶ್ನೆ ಎರಡನ್ನು ಒಟ್ಟು ಕಟ್ಟಿ, ಮೂರನೆಯದನ್ನು ಬಿಟ್ಟೇಬಿಟ್ಟಿತ್ತು. ಜೋಡಿ ಪ್ರಶ್ನೆಯನ್ನು ಒಡೆಯಲು ಹೊರಟಾಗ ಹೀಗೆ ಬಿಟ್ಟುಹೋದದ್ದು ಸಿಗುವುದು ಸಾಮಾನ್ಯ.

ಎಲ್ಲಕ್ಕಿಂತ ಮೊದಲು ಬರಬೇಕಾದದ್ದು: "ಈ ಮನೆಗೆ ಪಂಚಾಯಿತಿಯ ನಲ್ಲಿ ಇದೆಯೋ, ಇಲ್ಲವೋ?" ಇಲ್ಲ ಎಂದವರಿಗೆ ಮುಂದಿನ ನಲ್ಲಿಯ ಪ್ರಶ್ನೆಗಳನ್ನು ಕೇಳಬಾರದು. ಹಳೆಯ ನಮೂನೆಯಲ್ಲಿ ನಲ್ಲಿಯೇ ಇಲ್ಲದ ಮನೆಯವರೂ ತೃಪ್ತಿಯ ಚೌಕದಲ್ಲಿ ಏನಾದರೊಂದು ಗುರುತು ಹಾಕಬೇಕಿತ್ತು. ನಂತರ ನಿಯಮಿತತೆ: "ಹೋದ ಏಳು ದಿನಗಳಲ್ಲಿ ಎಷ್ಟು ದಿನ ನಲ್ಲಿಯಲ್ಲಿ ನೀರು ಬಂತು?" ಉತ್ತರ ಸೊನ್ನೆಯಿಂದ ಏಳರವರೆಗಿನ ಒಂದು ಸಂಖ್ಯೆ. ಇಲ್ಲಿ ಹೊಗಳಿಕೆಗೂ ಜಾಗವಿಲ್ಲ, ದೂರಿಗೂ ಇಲ್ಲ. ಅಭಿಪ್ರಾಯದ ಬದಲು ನಡೆದ ಸಂಗತಿಯನ್ನು, ಅದೂ ನೆನಪಿನಲ್ಲಿ ಉಳಿಯುವಷ್ಟು ಹತ್ತಿರದ ಅವಧಿಯದನ್ನು ಕೇಳಿದರೆ ಸೂಚನೆಯ ಸಮಸ್ಯೆ ತಾನಾಗಿ ಕಡಿಮೆಯಾಗುತ್ತದೆ.

ಪ್ರಮಾಣದ ವಿಷಯದಲ್ಲಿ 55 ಲೀಟರ್ ಎಂಬುದನ್ನು ಪ್ರಶ್ನೆಯೊಳಗೆ ತಂದರೆ ಕೆಟ್ಟಿತು. ಮನೆಯಲ್ಲಿ ಯಾರೂ ಲೀಟರ್ ಅಳೆಯುವುದಿಲ್ಲ. ಕೊಡ, ಡ್ರಮ್ಮು, ತೊಟ್ಟಿಯ ಲೆಕ್ಕ ಅವರದು. ಅದಕ್ಕೇ ಹೀಗೆ ಕೇಳಬಹುದು: "ಕಳೆದ ಸಲ ನೀರು ಬಂದಾಗ ಹಿಡಿದಿಟ್ಟದ್ದು, ಮುಂದಿನ ಸಲ ಬರುವವರೆಗೆ ಮನೆಬಳಕೆಗೆ ಸಾಕಾಯಿತೋ, ಸಾಲಲಿಲ್ಲವೋ?" ಇದು ಲೀಟರಿನ ಅಳತೆ ಕೊಡುವುದಿಲ್ಲ ನಿಜ. ಅದು ಬೇಕಿದ್ದರೆ ಟ್ಯಾಂಕಿಗೆ ಮೀಟರ್ ಹಾಕಿ ಅಳೆಯಬೇಕೇ ಹೊರತು ಜನರನ್ನು ಕೇಳಿ ಪ್ರಯೋಜನವಿಲ್ಲ.

ಗುಣದ ಪ್ರಶ್ನೆಯಲ್ಲಿ ಹೆಚ್ಚು ಎಚ್ಚರ ಬೇಕು. "ಶುದ್ಧ" ಎಂಬ ಪದವೇ ಜೋಡಿ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಕಣ್ಣಿಗೆ ತಿಳಿಯಾಗಿರುವುದೂ ಶುದ್ಧ, ಕುಡಿದರೆ ಕಾಯಿಲೆ ಬರದಿರುವುದೂ ಶುದ್ಧ. ಇವೆರಡೂ ಬೇರೆ ಎಂಬುದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಊರುಗಳಿಗೆ ಚೆನ್ನಾಗಿ ಗೊತ್ತು. ಅಲ್ಲಿನ ಆಳವಾದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದ್ದರೂ ನೀರು ಕನ್ನಡಿಯಂತೆ ತಿಳಿಯಾಗಿರಬಹುದು. ಆ ಪ್ರಮಾಣದಲ್ಲಿ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಂಥ ಊರಿನಲ್ಲಿ ಶೇಕಡಾ 90 ಮಂದಿ ನೀರು ಶುದ್ಧ ಎಂದರೆ ಆ ಅಂಕಿಯನ್ನು ನಂಬಿ ಯಾರೂ ಸುಮ್ಮನಿರಬಾರದು. ಸುರಕ್ಷತೆಯನ್ನು ಪ್ರಯೋಗಾಲಯಕ್ಕೆ ಬಿಟ್ಟು, ಮನೆಯವರಿಗೆ ಕಣ್ಣು, ಮೂಗು, ನಾಲಿಗೆಗೆ ತಿಳಿಯುವುದನ್ನಷ್ಟೇ ಮೂರು ಸಣ್ಣ ಪ್ರಶ್ನೆಗಳಲ್ಲಿ ಕೇಳುವುದು ನ್ಯಾಯ: ಕಳೆದ ಸಲ ಬಂದ ನೀರು ತಿಳಿಯಾಗಿತ್ತೋ, ಬಣ್ಣ ಇತ್ತೋ? ವಾಸನೆ ಇತ್ತೋ, ಇರಲಿಲ್ಲವೋ? ರುಚಿಗೆ ಸಿಹಿನೀರೋ, ಸವಳೋ?

ಹಳೆಯ ಪ್ರಶ್ನೆಯಲ್ಲಿ "ಕುಡಿಯುವ" ಎಂಬ ಇನ್ನೊಂದು ಪದ ಸದ್ದಿಲ್ಲದೆ ಕುಳಿತಿತ್ತು. ನಲ್ಲಿ ನೀರನ್ನು ಜನ ಕುಡಿಯುತ್ತಾರೆ ಎಂದು ಅದು ಮೊದಲೇ ನಂಬಿಕೊಂಡಿದೆ. ಆದರೆ ನಲ್ಲಿ ನೀರನ್ನು ಪಾತ್ರೆ, ಬಟ್ಟೆ, ದನಕರುಗಳಿಗೆ ಬಳಸಿ, ಕುಡಿಯಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವ ಮನೆಗಳು ಸಾಕಷ್ಟಿವೆ. ಅವರ ತೃಪ್ತಿ ಯಾವ ನೀರಿನದು? ಆದ್ದರಿಂದ "ಈ ಮನೆಯಲ್ಲಿ ಕುಡಿಯಲು ಹೆಚ್ಚಾಗಿ ಯಾವ ನೀರು ತರುತ್ತೀರಿ?" ಎಂದು ಬೇರೆಯಾಗಿ ಕೇಳಿ, ನಲ್ಲಿ, ಘಟಕ, ಬಾವಿ, ಕೈಪಂಪು, ಇತರೆ ಎಂಬ ಆಯ್ಕೆಗಳನ್ನು ಕೊಡಬೇಕು. ತೃಪ್ತಿಯ ಪ್ರಶ್ನೆ ಬೇಕೇಬೇಕಿದ್ದರೆ ಅದು ಕೊನೆಗೆ ಬರಲಿ: "ಒಟ್ಟಿನಲ್ಲಿ ನಲ್ಲಿ ನೀರಿನ ಬಗ್ಗೆ ನಿಮಗೆ ಸಮಾಧಾನ ಇದೆಯೋ, ಅಸಮಾಧಾನ ಇದೆಯೋ, ಎರಡೂ ಅನ್ನಿಸುವುದಿಲ್ಲವೋ?" ಬಿಡಿ ಸಂಗತಿಗಳು ಮೊದಲೇ ದಾಖಲಾಗಿರುವುದರಿಂದ, ಅಸಮಾಧಾನ ಎಂದವರ ಕಾರಣವನ್ನು ಅವರ ಉಳಿದ ಉತ್ತರಗಳಲ್ಲಿ ನೋಡಬಹುದು.

ಕಾಗದದ ಮೇಲೆ ತಿದ್ದಿದ ಪ್ರಶ್ನೆ ಬಾಗಿಲಿಗೆ ಹೋಗುವಷ್ಟರಲ್ಲಿ ಮತ್ತೆ ಕೆಡಬಹುದು. ಸಮೀಕ್ಷಕರು ನಮೂನೆಯ ಕನ್ನಡವನ್ನು ಓದುವುದಿಲ್ಲ, ತಮ್ಮ ಮಾತಿಗೆ ತಿರುಗಿಸಿಕೊಳ್ಳುತ್ತಾರೆ. ಮಂಡ್ಯದ ಕಡೆಯ ಒಂದು ಬಾಗಿಲಲ್ಲಿ ಅದು ಹೀಗೆ ನಡೆದೀತು. "ನೀರು ಚೆನ್ನಾಗಿ ಬತ್ತದಾ ಅಮ್ಮ?" "ಬತ್ತದೆ ಕಣಪ್ಪ, ನೀರುಗಂಟಿ ಬೆಳಗ್ಗೇನೆ ಬಿಡ್ತಾನೆ." "ಸರಿ, ಹೌದು ಅಂತ ಹಾಕ್ಕೊತೀನಿ." ಸಮೀಕ್ಷಕ ಗುಣವನ್ನು ಕೇಳಿದ್ದ, ಆಕೆ ರಭಸ ಮತ್ತು ಹೊತ್ತಿನ ಬಗ್ಗೆ ಹೇಳಿದಳು, ದಾಖಲಾದದ್ದು ತೃಪ್ತಿ. ಇದು ಸಮೀಕ್ಷಕನ ಸೋಮಾರಿತನವಲ್ಲ. "ಒದಗಿಸುತ್ತಿರುವ", "ಗುಣಮಟ್ಟ" ಎಂಬ ಪದಗಳನ್ನು ಬಾಗಿಲಲ್ಲಿ ನಿಂತು ಆಡಲು ಯಾರಿಗೂ ಆಗದು. ಆಡುವ ಮಾತಿಗೆ ಹತ್ತಿರವಾಗಿ ಬರೆದ ಪ್ರಶ್ನೆಯನ್ನು ಮಾತ್ರ ಇದ್ದಂತೆ ಓದಲು ಸಾಧ್ಯ.

ಹಾಗಾಗಿ ಪ್ರಶ್ನೆಗಳನ್ನು ಊರಿಗೆ ಕಳಿಸುವ ಮೊದಲು ಹತ್ತು ಹದಿನೈದು ಮಂದಿಯ ಮುಂದೆ ಒರೆಗೆ ಹಚ್ಚುತ್ತಾರೆ. ಇಲ್ಲಿ ಉತ್ತರ ಮುಖ್ಯವಲ್ಲ. ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ, "ನಾನು ಈಗ ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ" ಎನ್ನುತ್ತಾರೆ. ಆಕೆ ಇಡೀ ಪ್ರಶ್ನೆಯ ಬದಲು ಅರ್ಧವನ್ನಷ್ಟೇ ಹೇಳಿದರೆ ಜೋಡಿ ಇನ್ನೂ ಒಳಗಿದೆ ಎಂದರ್ಥ. "ಯಾವ ದಿನದ್ದು ನೆನೆಸಿಕೊಂಡು ಹೇಳಿದಿರಿ?", "ಇಲ್ಲ ಅಂದಿದ್ದು ಯಾಕೆ?" ಎಂಬ ಮರುಪ್ರಶ್ನೆಗಳೂ ಕೆಲಸಕ್ಕೆ ಬರುತ್ತವೆ. ಉತ್ತರಕ್ಕೆ ಮೊದಲೇ "ಯಾವ ನೀರು?" ಎಂದು ಜನ ತಿರುಗಿ ಕೇಳಿದರೆ, "ಒಂದ್ಸಲ ಹೌದು, ಒಂದ್ಸಲ ಇಲ್ಲ" ಎಂದರೆ, ಸಮೀಕ್ಷಕರು ಚೌಕದ ಪಕ್ಕದಲ್ಲಿ ಏನಾದರೂ ಗೀಚಿಕೊಂಡಿದ್ದರೆ, ಅವೆಲ್ಲ ಪ್ರಶ್ನೆಯಲ್ಲಿ ದೋಷವಿರುವ ಗುರುತುಗಳು. ಎಲ್ಲರೂ ಒಂದು ಕ್ಷಣವೂ ಯೋಚಿಸದೆ ಹೌದು ಎನ್ನುವ ಪ್ರಶ್ನೆಯನ್ನೂ ಅನುಮಾನಿಸಬೇಕು.

ಈ ತಿದ್ದುಪಡಿಗೆ ಬೆಲೆಯೂ ಇದೆ. ಒಂದು ಪ್ರಶ್ನೆಯ ಜಾಗದಲ್ಲಿ ಈಗ ಎಂಟು ಪ್ರಶ್ನೆಗಳಿವೆ. ಇಡೀ ನಮೂನೆಯನ್ನು ಹೀಗೇ ಒಡೆದರೆ ಒಲೆಯ ಮೇಲೆ ಸಾರು ಇಟ್ಟು ಬಂದವರು ನಡುವೆಯೇ ಎದ್ದು ಹೋಗುತ್ತಾರೆ. ಆಗ ಯಾವ ಅರ್ಧ ಬೇಡ ಎಂದು ತೀರ್ಮಾನಿಸಿ ಅದನ್ನು ಕೈಬಿಡಬೇಕು. ಎರಡನ್ನೂ ಮತ್ತೆ ಕಟ್ಟುವುದು ಪರಿಹಾರವಲ್ಲ. ಇನ್ನೊಂದು ತೊಡಕು, ವರ್ಷವರ್ಷವೂ ನಡೆಯುವ ಸಮೀಕ್ಷೆಗಳದು. ಐದು ವರ್ಷದಿಂದ ಕೇಳುತ್ತಾ ಬಂದ ಕೆಟ್ಟ ಪ್ರಶ್ನೆಯನ್ನು ಈ ವರ್ಷ ತಿದ್ದಿದರೆ, ತೃಪ್ತಿ 80ರಿಂದ 60ಕ್ಕೆ ಇಳಿದಾಗ ಕೆಟ್ಟದ್ದು ನೀರೋ, ಬದಲಾದದ್ದು ಪ್ರಶ್ನೆಯೋ ಎಂದು ತಿಳಿಯುವುದಿಲ್ಲ. ಇದಕ್ಕೆ ಇರುವ ದಾರಿ, ತಿದ್ದಿದ ವರ್ಷ ಮನೆಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಅರ್ಧಕ್ಕೆ ಹಳೆಯ ಪ್ರಶ್ನೆಯನ್ನೂ ಅರ್ಧಕ್ಕೆ ಹೊಸದನ್ನೂ ಕೇಳುವುದು. ಅದೇ ವರ್ಷ, ಅದೇ ನೀರು, ಒಂದೇ ಬಗೆಯ ಮನೆಗಳು. ಎರಡು ಪಾಲುಗಳ ಉತ್ತರದಲ್ಲಿ ಕಾಣುವ ಅಂತರದಲ್ಲಿ ಆಕಸ್ಮಿಕದ ಸಣ್ಣ ಪಾಲನ್ನು ಕಳೆದರೆ ಉಳಿಯುವುದೆಲ್ಲ ಪ್ರಶ್ನೆಯ ಮಾತುಗಳದ್ದು. ಹಿಂದಿನ ವರ್ಷಗಳ ಅಂಕಿಯ ಪಕ್ಕದಲ್ಲಿ ಆ ಅಂತರವನ್ನು ಬರೆದಿಟ್ಟು, ಮುಂದಿನ ವರ್ಷದಿಂದ ಹಳೆಯ ಪ್ರಶ್ನೆಯನ್ನು ನಮೂನೆಯಿಂದ ತೆಗೆಯಬಹುದು.